ಮೂರು ಕೆಂಚಿಯರನ್ನು ಬೇರೆ ಮಾಡುವುದು ಹೇಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿ ನಗು ಬಂತು. ಹಿತ್ತಲಿಗೆ ಏಳು ಹೇಂಟೆ ಬಂದಿವೆ, ಅದರಲ್ಲಿ ಮೂರು ಒಂದೇ ಅಚ್ಚಿನ ಕಂದು. ಚಿಕ್ಕವಳು ಮೂರನ್ನೂ ಕೆಂಚಿ ಅನ್ನುತ್ತಾಳೆ, ದೊಡ್ಡವನು ದಿನಕ್ಕೊಂದು ಹೆಸರು ಕಟ್ಟುತ್ತಾನೆ, ಸಂಜೆ ಹೊತ್ತಿಗೆ ಇಬ್ಬರಿಗೂ ಜಗಳ. ಹೆಸರು ನೀನೇ ಇಟ್ಟುಬಿಡೋಣ ಅಂದುಕೊಂಡಿದ್ದೀಯ. ಬೇಡ. ಮಕ್ಕಳೇ ಇಡಲಿ. ಆದರೆ ಎಲ್ಲಿ ನೋಡಿ ಇಡಬೇಕು ಅನ್ನುವುದನ್ನು ಮಾತ್ರ ನೀನು ತೋರಿಸು.

ಮೊದಲು ಸುಲಭದ ನಾಲ್ಕನ್ನು ಮುಗಿಸಿಬಿಡೋಣ. ಕಪ್ಪು, ಬಿಳಿ, ಬೂದು, ಚುಕ್ಕೆಯದು. ಇವಕ್ಕೆ ಬಣ್ಣದ ಹೆಸರೇ ಸಾಕು. ಚಿಕ್ಕವಳ ವಯಸ್ಸಿಗೆ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ. ಹೆಸರು ಎರಡಕ್ಷರದ್ದಿರಲಿ, ದೂರದಿಂದ ಕೂಗಿದರೂ ಒಂದಕ್ಕೊಂದು ಬೆರೆಯದಂತಿರಲಿ. ಚುಕ್ಕಿ ಅಂತ ಒಂದಿದ್ದರೆ ಇನ್ನೊಂದಕ್ಕೆ ಚಿಕ್ಕಿ ಅಂತ ಇಡಬಾರದು. ಕಪ್ಪಿ, ಬೆಳ್ಳಿ, ಮೋಡ, ಚುಕ್ಕಿ ಅಂದರೆ ಗೊಂದಲವೇ ಇಲ್ಲ.

ಒಂದು ಮಾತನ್ನು ಮಾತ್ರ ಮೊದಲೇ ಮಕ್ಕಳ ಕಿವಿಗೆ ಹಾಕಿಡು. ಕೋಳಿಯ ಬಣ್ಣ ಪೂರ್ತಿ ಸ್ಥಿರ ಅಲ್ಲ. ಕಪ್ಪಿಯ ಗರಿ ಬಿಸಿಲಿಗೆ ಮಾಸಿ ಕಂದು ತಿರುಗುತ್ತದೆ. ಗರಿ ಉದುರಿ ಹೊಸದು ಬಂದಾಗ ಮತ್ತೆ ಹಸಿರು ಹೊಳಪಿನ ಕಪ್ಪಾಗುತ್ತಾಳೆ. ಚುಕ್ಕಿಯಂಥ ಕೋಳಿಗಳಿಗೆ ಒಂದೊಂದು ಸಲ ಗರಿ ಬದಲಾದಾಗಲೂ ಬಿಳಿ ಚುಕ್ಕೆ ಜಾಸ್ತಿಯಾಗುವುದುಂಟು. ಇದು ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಚಿಕ್ಕವಳು "ನನ್ನ ಚುಕ್ಕಿ ಇದಲ್ಲ" ಅಂತ ಅಳುತ್ತಾಳೆ. ಮುಂದೆ ಮರಿ ಬಂದರಂತೂ ಬಣ್ಣ ನೋಡಿ ಹೆಸರಿಡುವ ಆತುರ ಬೇಡವೇ ಬೇಡ. ಹಳದಿ ಮರಿ ಸಾಮಾನ್ಯವಾಗಿ ಬೆಳೆದು ಬಿಳಿ ಕೋಳಿಯಾಗುತ್ತದೆ. ಮೊದಲ ಕೆಲವು ತಿಂಗಳಲ್ಲೇ ಗರಿ ಹಲವು ಸಲ ಬದಲಾಗುತ್ತದೆ. ಐದಾರು ತಿಂಗಳಿಗೆ ನಿಜವಾದ ಬಣ್ಣ ನಿಲ್ಲುತ್ತದೆ. ಅಷ್ಟರಲ್ಲಿ ನೀವು ಮಲ್ಲಿ ಅಂತ ಕರೆಯುತ್ತಿದ್ದದ್ದು ಬೆಳಗ್ಗೆ ಎದ್ದು ಕೂಗಲೂಬಹುದು!

ಈಗ ಆ ಮೂರು ಕಂದು ಹೇಂಟೆಗಳ ವಿಷಯಕ್ಕೆ ಬರೋಣ. ಇಲ್ಲಿ ಗರಿ ನೋಡಿ ಪ್ರಯೋಜನ ಇಲ್ಲ, ತಲೆ ನೋಡಬೇಕು. ಕೋಳಿಗಳೂ ಒಂದನ್ನೊಂದು ಮುಖ್ಯವಾಗಿ ತಲೆ, ಜುಟ್ಟು ನೋಡಿಯೇ ಗುರುತಿಸುತ್ತವೆ. ಕತ್ತಲಾಗುವ ಹೊತ್ತಿಗೆ ಅವು ಅಡ್ಡಕೋಲಿನ ಮೇಲೆ ಕೂತ ಮೇಲೆ ಹೋಗಿ. ಕಡಿಮೆ ಬೆಳಕಿನಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಗಲಾಟೆ ಮಾಡದೆ ಕೈಗೆ ಬರುತ್ತವೆ. ಎರಡೂ ಕೈಯಿಂದ ರೆಕ್ಕೆ ಮುಚ್ಚಿದ ಹಾಗೆ ಹಿಡಿದು ನೀನು ಎತ್ತಿಕೋ. ದೊಡ್ಡವನು ಟಾರ್ಚ್ ಹಿಡಿಯಲಿ, ನೇರ ಕಣ್ಣಿಗೆ ಬಿಡದಿದ್ದರೆ ಆಯಿತು.

ಮೊದಲು ಜುಟ್ಟಿನ ಮೊನೆ ಎಣಿಸಿ. ಒಂದಕ್ಕೆ ಐದಿದ್ದರೆ ಇನ್ನೊಂದಕ್ಕೆ ಆರಿರಬಹುದು. ಕೊನೆಯ ಮೊನೆ ಎರಡಾಗಿ ಸೀಳಿದೆಯಾ, ಜುಟ್ಟು ನೆಟ್ಟಗಿದೆಯಾ, ಎಡಕ್ಕೆ ವಾಲಿದೆಯಾ ಅಂತಲೂ ನೋಡಿ. ಮೊಟ್ಟೆ ಇಡುವ ಕಾಲಕ್ಕೆ ಜುಟ್ಟು ದೊಡ್ಡದಾಗಿ ಕೆಂಪಾಗಿರುತ್ತದೆ, ಮೊಟ್ಟೆ ನಿಂತಾಗ ಸಣ್ಣಗಾಗಿ ಬಿಳಚಿಕೊಳ್ಳುತ್ತದೆ. ಹಾಗಾಗಿ ಗಾತ್ರ, ಬಣ್ಣ ನಂಬಬೇಡಿ. ಗಾಯವೇನಾದರೂ ಆಗದಿದ್ದರೆ ಮೊನೆಗಳ ಲೆಕ್ಕ ಬದಲಾಗುವುದಿಲ್ಲ. ಆಮೇಲೆ ಕಾಲು ನೋಡಿ. ಒಂದು ಉಗುರು ಕಪ್ಪಿರಬಹುದು, ಒಂದು ಬೆರಳು ಸೊಟ್ಟಗಿರಬಹುದು. ಆದರೆ ಕಾಲಿನ ಹಳದಿಯನ್ನು ಗುರುತು ಅಂತ ಇಟ್ಟುಕೊಳ್ಳಬೇಡಿ. ಹಳದಿ ಕಾಲಿನ ಕೋಳಿ ತಿಂಗಳುಗಟ್ಟಲೆ ಮೊಟ್ಟೆ ಇಡುತ್ತಾ ಹೋದ ಹಾಗೆ ಕಾಲಿನ ಬಣ್ಣ ಮಾಸುತ್ತದೆ. ಆ ಹಳದಿಯೆಲ್ಲ ಮೊಟ್ಟೆಯ ಭಂಡಾರಕ್ಕೆ ಹೋಗುತ್ತದೆ. ಮೊಟ್ಟೆ ನಿಲ್ಲಿಸಿದ ಮೇಲೆ ಮತ್ತೆ ಹಳದಿಯಾಗುತ್ತದೆ.

ಮೂರರದ್ದೂ ತಲೆಯ ಚಿತ್ರ ಒಂದು ನೋಟ್ ಪುಸ್ತಕದಲ್ಲಿ ಬರೆಯಿಸು, ಎಡಬದಿಯಿಂದ ನೋಡಿದ ಹಾಗೆ. ಚಿತ್ರ ಚೆಂದ ಇರಬೇಕಾಗಿಲ್ಲ, ಮೊನೆಗಳ ಲೆಕ್ಕ ಸರಿ ಇರಬೇಕು. ನಿಮ್ಮ ಮೂವರು ಹೀಗಿದ್ದಾರೆ ಅಂತ ಇಟ್ಟುಕೋ: ಒಬ್ಬಳಿಗೆ ಆರು ಮೊನೆ, ಒಬ್ಬಳಿಗೆ ಐದು, ಇನ್ನೊಬ್ಬಳಿಗೂ ಐದೇ ಆದರೆ ಜುಟ್ಟು ಎಡಕ್ಕೆ ವಾಲಿದೆ. ಸದ್ಯಕ್ಕೆ ಅಷ್ಟು ಸಾಕು. ಹಗಲು ಓಡಾಡುವಾಗ ಮೊನೆ ಎಣಿಸುವುದು ಚಿಕ್ಕವಳಿಗೆ ಕಷ್ಟ. ಅದಕ್ಕೇ ಕಾಲಿಗೆ ಹಾಕುವ ಬಣ್ಣದ ಪ್ಲಾಸ್ಟಿಕ್ ಸುರುಳಿ ಉಂಗುರ ಸಿಗುತ್ತದೆ. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಮೂರನೆಯದಕ್ಕೆ ಏನೂ ಬೇಡ. ಉಂಗುರ ಕಾಲಲ್ಲಿ ಸಲೀಸಾಗಿ ತಿರುಗಬೇಕು, ಸ್ವಲ್ಪ ಮೇಲೆ ಕೆಳಗೆ ಸರಿಯಬೇಕು. ನಿಮ್ಮವು ಇನ್ನೂ ಎಳೆ ಕೋಳಿಗಳಾಗಿದ್ದರೆ ಕಾಲು ದಪ್ಪವಾಗುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಮುಟ್ಟಿ ನೋಡದಿದ್ದರೆ ಉಂಗುರ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಮೊದಲ ದಿನ ಬೇರೆ ಕೋಳಿಗಳು ಆ ಹೊಸ ಬಣ್ಣವನ್ನು ಕುಕ್ಕಬಹುದು, ಅದರ ಮೇಲೂ ಒಂದು ಕಣ್ಣಿಡು.

ಹೆಸರು ಮಾತ್ರ ಕೆಂಪುಂಗುರ, ನೀಲುಂಗುರ ಅಂತ ಆಗಬಾರದು. ಉಂಗುರ ಕಳಚಿ ಬಿದ್ದ ದಿನ ಹೆಸರೂ ಹೋಗುತ್ತದೆ. ಈ ಮೂವರ ಹೆಸರು ಅವರ ನಡತೆಯಿಂದ ಬರಲಿ.

ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ಹೊಸ ಜಾಗಕ್ಕೆ ಬಂದ ಕೋಳಿ ಮೊದಮೊದಲು ಹೆದರಿಕೊಂಡಿರುತ್ತದೆ, ಆಗ ಕಾಣುವುದು ಅದರ ನಿಜವಾದ ಗುಣ ಅಲ್ಲ. ಎರಡು ಮೂರು ವಾರ ಬಿಟ್ಟು ನೋಡಿ. ದಿನವಿಡೀ ಹಿಂದೆ ಬೀಳುವುದು ಬೇಡ, ಮೂರು ಹೊತ್ತು ನೋಡಿದರೆ ಸಾಕು: ಗೂಡಿನ ಬಾಗಿಲು ತೆಗೆದಾಗ, ಕಾಳು ಹಾಕಿದಾಗ, ಸಂಜೆ ಏರಿ ಕೂರುವಾಗ. ಬಾಗಿಲು ತೆಗೆದ ಕೂಡಲೇ ಯಾರು ಮೊದಲು ನುಗ್ಗುತ್ತಾಳೆ? ಹುಳ ಸಿಕ್ಕಿದರೆ ಕಚ್ಚಿಕೊಂಡು ಮೂಲೆಗೆ ಓಡುವವಳು ಯಾರು? ಕೋಲಿನ ಮೇಲೆ ತುದಿಯೇ ಬೇಕು ಅಂತ ಹಠ ಮಾಡುವವಳು ಯಾರು? ಇವು ಹೆಸರಾಗಬಲ್ಲ ಗುಣಗಳು. ಮೊಟ್ಟೆ ಇಟ್ಟು ಊರಿಗೆಲ್ಲ ಕೇಳಿಸುವಂತೆ ಕೂಗುವುದನ್ನು ಹೆಸರಿಗೆ ತೆಗೆದುಕೊಳ್ಳಬೇಡಿ, ಬಹುಪಾಲು ಹೇಂಟೆಗಳು ಹಾಗೆ ಕೂಗುತ್ತವೆ.

ದೊಡ್ಡವನಿಗೆ ಒಂದು ಕಥೆ ಹೇಳು, ಅವನಿಗೆ ಇಷ್ಟವಾಗುತ್ತದೆ. ನಾರ್ವೆಯಲ್ಲಿ ತೋರ್ಲೈಫ್ ಶೆಲ್ಡರಪ್-ಎಬ್ಬೆ ಅನ್ನುವ ಹುಡುಗನಿಗೆ ಚಿಕ್ಕಂದಿನಿಂದಲೇ ಕೋಳಿ ನೋಡುವ ಗೀಳು. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದಕ್ಕೆ ದಾರಿ ಬಿಡುತ್ತದೆ ಅಂತ ಬರೆದಿಡುತ್ತಿದ್ದ. 1920ರ ದಶಕದ ಮೊದಲ ವರ್ಷಗಳಲ್ಲಿ ಅದನ್ನೇ ವಿಜ್ಞಾನದ ಬರಹವಾಗಿ ಪ್ರಕಟಿಸಿದ. ಕೋಳಿಗಳ ನಡುವೆ ಮೇಲು ಕೆಳಗಿನ ಸಾಲು ಇರುತ್ತದೆ ಅನ್ನುವುದು ಜಗತ್ತಿಗೆ ಗೊತ್ತಾದದ್ದು ಹಾಗೆ. ಒಂದೊಂದು ಕೋಳಿಯ ಗುರುತೂ ಸಿಗದೆ ಇದ್ದರೆ ಆ ಪಟ್ಟಿ ಬರೆಯಲು ಆಗುತ್ತಿರಲಿಲ್ಲ, ಅಲ್ವಾ? ನಿನ್ನ ಮಗನೂ ಬರೆಯಲಿ. ಆದರೆ ಎಲ್ಲರನ್ನೂ ಕುಕ್ಕುವವಳಿಗೆ ರಾಣಿ ಅಂತ ಹೆಸರಿಡುವುದು ನನಗೆ ಸರಿ ಕಾಣುವುದಿಲ್ಲ. ಹೊಸ ಕೋಳಿ ಬಂದರೆ, ಇಲ್ಲವೇ ಮೇಲಿದ್ದವಳಿಗೆ ಹುಷಾರು ತಪ್ಪಿದರೆ, ಆ ಸಾಲು ಬದಲಾಗಿಬಿಡುತ್ತದೆ.

ಸಿಡುಕಿ ಅನ್ನುವ ಹೆಸರಿಗೂ ಆತುರ ಬೇಡ. ಗೂಡು ಬಿಡದೆ, ಗರಿ ಕೆದರಿಕೊಂಡು, ಕೈ ಹಾಕಿದರೆ ಗುರ್ ಅಂದು ಕುಕ್ಕಿದರೆ ಅವಳು ಕಾವಿಗೆ ಕೂತಿದ್ದಾಳೆ ಅಷ್ಟೇ. ಅಡಿಯಲ್ಲಿ ಮೊಟ್ಟೆಯೇ ಇಲ್ಲದಿದ್ದರೂ ಕೂರುತ್ತಾರೆ. ಮರಿಯಾಗಲು 21 ದಿನ ಬೇಕು, ಕೆಲವರು ಅದಕ್ಕಿಂತಲೂ ಜಾಸ್ತಿ ಕೂತುಬಿಡುತ್ತಾರೆ. ಕಾವು ಇಳಿದ ಮೇಲೆ ನೋಡಿದರೆ ಅವಳೇ ಎಲ್ಲರಿಗಿಂತ ಸಾಧು ಇರಬಹುದು.

ಇನ್ನೊಂದು ಹೆಸರಿದೆ, ಅದನ್ನು ನೀನೇ ತಡೆಯಬೇಕು. ಸೋಮಾರಿ, ನಿದ್ದೆಬುರುಕಿ, ಇಂಥವು. ನಡು ಹಗಲಲ್ಲಿ ಗರಿ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಬಾಲ ಇಳಿಬಿಟ್ಟು ಒಂಟಿಯಾಗಿ ನಿಂತ ಕೋಳಿ ಸೋಮಾರಿ ಅಲ್ಲ, ಅದಕ್ಕೆ ಮೈ ಸರಿ ಇಲ್ಲ. ಕೋಳಿ ಕಾಯಿಲೆಯನ್ನು ಆದಷ್ಟು ದಿನ ತೋರಗೊಡುವುದಿಲ್ಲ. ನಿಶ್ಶಕ್ತಿ ಕಂಡರೆ ಉಳಿದವು ಕುಕ್ಕುತ್ತವೆ ನೋಡು. ಅದಕ್ಕೆ ತಮಾಷೆಯ ಹೆಸರು ಇಟ್ಟುಬಿಟ್ಟರೆ, "ಅವಳು ಯಾವಾಗಲೂ ಹಾಗೇ" ಅಂತ ಮಕ್ಕಳು ಸುಮ್ನೆ ದಾಟಿ ಹೋಗುತ್ತಾರೆ. ಅಂಥದ್ದನ್ನು ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಬೇಕು.

ನಡತೆಯ ಹೆಸರು ಸರಿಯಾಗಿ ಇಟ್ಟರೆ ಇದರ ಉಲ್ಟಾ ಆಗುತ್ತದೆ. ಆರು ಮೊನೆಯವಳು ದಿನಾ ಬಾಗಿಲಿಗೆ ಮೊದಲು ಬರುತ್ತಾಳೆ, ಮಕ್ಕಳು ಓಡಿ ಅಂತ ಹೆಸರಿಟ್ಟರು ಅಂದುಕೋ. ಒಂದು ಬೆಳಗ್ಗೆ ಓಡಿ ಕೊನೆಗೆ ಬಂದಳು. "ಓಡಿ ಇವತ್ತು ಓಡಲಿಲ್ಲ" ಅಂತ ಚಿಕ್ಕವಳೇ ಬಂದು ಹೇಳುತ್ತಾಳೆ. ಆಗ ನೀನು ಹೋಗಿ ನೋಡು. ನೆಲದಲ್ಲಿ ಗರಿ ಬಿದ್ದಿದೆಯಾ? ವರ್ಷ ದಾಟಿದ ಕೋಳಿ ಹಗಲು ಕಿರಿದಾಗುವ ಕಾಲಕ್ಕೆ ಗರಿ ಉದುರಿಸುತ್ತದೆ. ಆಗ ಮೊಟ್ಟೆ ನಿಲ್ಲುತ್ತದೆ, ಮಂಕಾಗಿ ಇರುತ್ತದೆ. ಹೊಸ ಗರಿಯ ಮೊಳಕೆ ಮುಟ್ಟಿದರೆ ನೋವು, ಹಾಗಾಗಿ ಆ ಎರಡು ಮೂರು ತಿಂಗಳು ಮಕ್ಕಳು ಎತ್ತಿಕೊಳ್ಳಬಾರದು. ಗರಿ ಉದುರಿಲ್ಲ ಅಂದರೆ ಕತ್ತಿನ ಕೆಳಗೆ, ಎದೆಯ ಮೇಲ್ಭಾಗದ ಮೇವಿನ ಚೀಲ ಮುಟ್ಟಿ ನೋಡು. ರಾತ್ರಿ ಕಳೆದು, ಇನ್ನೂ ಕಾಳು ತಿನ್ನುವ ಮೊದಲು ಅದು ಖಾಲಿಯಾಗಿ ಚಪ್ಪಟೆ ಇರಬೇಕು. ಗಟ್ಟಿಯಾಗಿ ತುಂಬಿದ್ದರೆ, ಅಥವಾ ನೀರು ತುಂಬಿದ ಬಲೂನಿನಂತೆ ಕುಲುಕಿದರೆ, ಮೇವು ಇಳಿದಿಲ್ಲ. ಬೆನ್ನು ನೆಟ್ಟಗೆ ಮಾಡಿ ಕಾಲು ಅಗಲಿಸಿ ನಿಂತು ಮುಕ್ಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಇವೆರಡಕ್ಕೂ ಕಾಯದೆ ವೈದ್ಯರ ಹತ್ತಿರ ಹೋಗಬೇಕು.

ಸಂಜೆ ಬಾಗಿಲು ಹಾಕುವಾಗ "ಏಳಿದೆಯಾ" ಅಂತ ಎಣಿಸುವ ಬದಲು ಹೆಸರು ಹಿಡಿದು ಎಣಿಸಲಿ. ಆರೇ ಇದ್ದರೆ ಹುಡುಕಬೇಕಾದವಳು ಯಾರು ಅಂತ ಆಗಲೇ ಗೊತ್ತಾಗುತ್ತದೆ. ಬೇಲಿ ಹಾರುವವಳಾದರೆ ಆಚೆ ಕಡೆ ನೋಡಬೇಕು, ಪೊದೆಯಲ್ಲಿ ಮೊಟ್ಟೆ ಬಚ್ಚಿಡುವವಳಾದರೆ ಪೊದೆಯಲ್ಲಿ.

ತಲೆಯ ಚಿತ್ರಗಳನ್ನು ಬರೆದ ಮೇಲೆ ಒಂದು ಪುಟ ನನಗೂ ಕಳಿಸು. ಒಂದು ಕೋಳಿಗೆ ದೊಡ್ಡಮ್ಮನ ಹೆಸರು ಇಡಬೇಕು ಅಂತ ಚಿಕ್ಕವಳು ಹೇಳಿದ್ದಾಳಂತೆ. ಇಡಲಿ, ಬೇಜಾರಿಲ್ಲ. ಹುಳ ಕಚ್ಚಿಕೊಂಡು ಮೂಲೆಗೆ ಓಡುವವಳಿಗೆ ಮಾತ್ರ ಬೇಡ ಅಂತ ಹೇಳು.

ನಿನ್ನ
ದೊಡ್ಡಮ್ಮ