ಪೊಟ್ಟಣದ ಮೇಲೆ ಇನ್ನು ‘ನಟ್ಸ್’ ಇಲ್ಲ, ಬರೀ ‘ಕಡಲೆ’ಯೂ ಇಲ್ಲ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ರಿಂದ ನಮ್ಮ ಸಹಕಾರ ಸಂಘದ ಕಡ್ಲೆಮಿಠಾಯಿ, ನಿಪ್ಪಟ್ಟು, ಪುಳಿಯೋಗರೆ ಪುಡಿ, ಚಟ್ನಿಪುಡಿ, ಎಳ್ಳುಂಡೆ ಪೊಟ್ಟಣಗಳ ಹಿಂಬದಿ ಬದಲಾಗುತ್ತದೆ. ರುಚಿ, ತೂಕ, ಮಂಡ್ಯದ ಆಲೆಮನೆ ಬೆಲ್ಲ ಎಲ್ಲವೂ ಹಿಂದಿನಂತೆಯೇ. ಬದಲಾಗುವುದು ಎರಡು ಮಾತು ಮಾತ್ರ. ಅಲರ್ಜಿ ಸಾಲಿನಲ್ಲಿ ಇಷ್ಟು ದಿನ ಇದ್ದ ‘ನಟ್ಸ್ ಇದೆ’ ಎಂಬುದನ್ನು ತೆಗೆದಿದ್ದೇವೆ. ಪದಾರ್ಥಗಳ ಪಟ್ಟಿಯಲ್ಲಿ ಬರೀ ‘ಕಡಲೆ’ ಎಂದು ಬರೆಯುವುದನ್ನೂ ನಿಲ್ಲಿಸಿದ್ದೇವೆ. ಮನೆಯಲ್ಲಿ ಕಡಲೆಬೀಜವೋ ಗೋಡಂಬಿಯೋ ಒಗ್ಗದವರು ಇದ್ದರೆ ದಯವಿಟ್ಟು ಪೂರ್ತಿ ಓದಿ.

ಕಡಲೆಕಾಯಿ ಗಿಡ ಕಿತ್ತು ನೋಡಿದವರಿಗೆ ಅದು ಯಾರ ಪೈಕಿ ಎಂದು ಬೇರೆ ಹೇಳಬೇಕಿಲ್ಲ. ಅವರೆ, ಅಲಸಂದೆ ಹೂವಿನಂಥದೇ ಹೂವು, ಬೇರಿನ ತುಂಬ ಗಂಟು. ಹೂವು ಅರಳುವುದು ನೆಲದ ಮೇಲೆ. ಅದು ಬಾಡಿದ ಮೇಲೆ ಬುಡದಿಂದ ಸೂಜಿಯಂಥ ಎಳೆಯೊಂದು ಕೆಳಗಿಳಿದು ಮಣ್ಣು ಹೊಕ್ಕು ಅಲ್ಲಿ ಕಾಯಿ ಕಟ್ಟುತ್ತದೆ. ಅಂದರೆ ಕಡಲೆಕಾಯಿ ದ್ವಿದಳ ಧಾನ್ಯ, ತೊಗರಿ, ಹೆಸರು, ಹುರುಳಿಗಳ ಬಳಗದ್ದು. ಗೋಡಂಬಿ, ಬಾದಾಮಿ, ಪಿಸ್ತಾ ಮರದಲ್ಲಿ ಬಿಡುವಂಥವು, ಈ ಬಳಗಕ್ಕೆ ದೂರ.

ಹಾಗಾದರೆ ‘ನಟ್ಸ್’ ಎಂಬ ಸಾಲಿಗೆ ಅದು ಬಂದದ್ದು ಹೇಗೆ? ಇಂಗ್ಲಿಷಿನಲ್ಲಿ ಅದರ ಹೆಸರಿನ ಕೊನೆಗೇ ಆ ಪದ ಇದೆ, ತಿನ್ನುವ ರೀತಿಯೂ ಹಾಗೇ ಇದೆ. ನಮ್ಮ ದೇಶದ 2020ರ ಆಹಾರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲೂ ಕಡಲೆಕಾಯಿ ಮತ್ತು ಮರದ ಬೀಜಗಳು ಒಂದೇ ಸಾಲಿನಲ್ಲಿವೆ. ಅಮೆರಿಕ ಮತ್ತು ಯುರೋಪಿನ ನಿಯಮಗಳಲ್ಲಿ ಎರಡೂ ಬೇರೆ ಬೇರೆ. ಹೀಗೆ ಬೇರೆ ಮಾಡಿ ಬರೆಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಕಾರಣ ಇಷ್ಟೆ. ಅಲರ್ಜಿ ತರುವುದು ಆಯಾ ಬೀಜದ ಪ್ರೋಟೀನು, ನಾವು ಅದನ್ನು ಯಾವ ಗುಂಪಿಗೆ ಸೇರಿಸಿದೆವು ಎಂಬುದಲ್ಲ. ಕಡಲೆಬೀಜ ಒಗ್ಗದವರಲ್ಲಿ ಹಲವರಿಗೆ ಗೋಡಂಬಿಯೋ ಬಾದಾಮಿಯೋ ಸಹ ಆಗುವುದಿಲ್ಲ, ಇನ್ನು ಹಲವರಿಗೆ ಅವು ಏನೂ ಮಾಡುವುದಿಲ್ಲ. ಗೋಡಂಬಿ ಮಾತ್ರ ಆಗದ ಮಗುವಿನ ತಾಯಿ ನಮ್ಮ ನಿಪ್ಪಟ್ಟಿನ ಮೇಲೆ ‘ನಟ್ಸ್ ಇದೆ’ ಎಂದು ಓದಿ ಸುಮ್ಮನೆ ಪೊಟ್ಟಣ ಕೆಳಗಿಟ್ಟಿರಬಹುದು. ಅದು ಸಣ್ಣ ನಷ್ಟ. ದೊಡ್ಡ ಅಪಾಯ ಇದರ ತಿರುವುಮುರುವಿನಲ್ಲಿದೆ: ‘ಕಡಲೆಬೀಜ ನಟ್ ಅಲ್ಲವಲ್ಲ, ಕಾಳು ತಾನೆ’ ಎಂದುಕೊಂಡು ‘ನಟ್ಸ್ ಇದೆ’ ಎಂದಿರುವ ಪೊಟ್ಟಣವನ್ನೂ ಕಡಲೆಬೀಜ ಒಗ್ಗದ ಮಗುವಿಗೆ ನಂಬಿ ಕೊಡುವುದು. ಸಸ್ಯಶಾಸ್ತ್ರದ ಮಾತು ಸರಿ, ಆದರೆ ಪೊಟ್ಟಣ ಓದುವಾಗ ಆ ಮಾತು ಕಾಪಾಡುವುದಿಲ್ಲ.

ಕಾಳು ಎಂದ ಮೇಲೆ ಬೇಳೆಗಳನ್ನೂ ಬಿಡಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಡಲೆಬೀಜದ ಅಲರ್ಜಿ ಇರುವವರ ರಕ್ತ ಪರೀಕ್ಷೆಯಲ್ಲಿ ಬೇರೆ ಕಾಳುಗಳಿಗೂ ‘ಪಾಸಿಟಿವ್’ ಬರುವುದು ಸಾಮಾನ್ಯ, ಏಕೆಂದರೆ ಪ್ರೋಟೀನುಗಳ ಆಕಾರದಲ್ಲಿ ಹೋಲಿಕೆ ಇದೆ. ಆದರೆ ತಿಂದಾಗ ನಿಜವಾಗಿ ತೊಂದರೆ ಆಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಮಗು ಇದುವರೆಗೆ ತೊವ್ವೆ, ಸಾರು ತಿಂದು ಚೆನ್ನಾಗಿದ್ದರೆ ಒಂದು ಚೀಟಿ ನೋಡಿ ಬೇಳೆ ನಿಲ್ಲಿಸಬೇಡಿ, ಅಲರ್ಜಿ ವೈದ್ಯರನ್ನು ಕೇಳಿ. ಕಡಲೆಬೇಳೆಗೇ ಪ್ರತ್ಯೇಕವಾಗಿ ಅಲರ್ಜಿ ಇರುವವರೂ ಇದ್ದಾರೆ, ಅವರ ವಿಷಯ ಬೇರೆ.

ಇಲ್ಲಿ ನಮ್ಮ ಭಾಷೆಯ ತೊಡಕೊಂದಿದೆ. ‘ಕಡಲೆ’ ಎಂದರೆ ಯಾವುದು? ಕಡಲೆಕಾಳು, ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಒಂದು ಗಿಡದವು. ಕಡಲೆಕಾಯಿ, ಕಡ್ಲೆಬೀಜ, ಕಡ್ಲೆಮಿಠಾಯಿ ಇನ್ನೊಂದು ಗಿಡದವು. ನಮ್ಮ ಚಟ್ನಿಪುಡಿಯ ಹಳೇ ಲೇಬಲ್ ‘ಕಡಲೆ, ಕೊಬ್ಬರಿ, ಒಣಮೆಣಸಿನಕಾಯಿ’ ಎಂದಷ್ಟೇ ಹೇಳುತ್ತಿತ್ತು. ಅದು ಹುರಿಗಡಲೆ ಎಂದು ಮಾಡುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇನ್ನು ‘ಹುರಿಗಡಲೆ’, ‘ಕಡಲೆಬೇಳೆ’, ‘ಕಡಲೆಕಾಯಿ ಬೀಜ (ಶೇಂಗಾ)’ ಎಂದು ಪೂರ್ತಿ ಹೆಸರೇ ಇರುತ್ತದೆ. ಶೇಂಗಾ ಎಂದು ಸೇರಿಸಿರುವುದು ಉತ್ತರ ಕರ್ನಾಟಕದ ಗ್ರಾಹಕರಿಗಾಗಿ. ಮರದ ಬೀಜಗಳಿಗೂ ಗುಂಪಿನ ಹೆಸರಿಲ್ಲ, ಗೋಡಂಬಿ ಹಾಕಿದ್ದರೆ ಗೋಡಂಬಿ ಎಂದೇ ಇರುತ್ತದೆ. ಎಳ್ಳು ನಮ್ಮ ದೇಶದ ಕಡ್ಡಾಯ ಪಟ್ಟಿಯಲ್ಲಿಲ್ಲ. ಅದಕ್ಕೂ ತೀವ್ರ ಅಲರ್ಜಿ ಆಗುವುದುಂಟು, ಹಾಗಾಗಿ ಅದನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಲೇಬಲ್ ತಿದ್ದುವುದು ಸುಲಭದ ಕೆಲಸ, ಕಷ್ಟ ಇರುವುದು ಮಿಲ್ಲಿನಲ್ಲಿ. ಚಟ್ನಿಪುಡಿಗೆ ನಾವು ಕಡಲೆಬೀಜ ಹಾಕುವುದೇ ಇಲ್ಲ. ಆದರೆ ಪುಳಿಯೋಗರೆ ಪುಡಿಗೆ ಹಾಕುವ ಬೀಜವನ್ನು ಅದೇ ಮಿಲ್ಲಿನಲ್ಲಿ ಒಡೆಸುತ್ತಿದ್ದೆವು. ಕಡಲೆಬೀಜದ ಸುಮಾರು ಅರ್ಧ ಭಾಗ ಎಣ್ಣೆ, ಹಾಗಾಗಿ ಅದರ ಪುಡಿ ಜರಡಿಗೆ, ಮೂಲೆಗಳಿಗೆ ಅಂಟಿಕೊಂಡು ಗುಡಿಸಿದರೂ ಬರುವುದಿಲ್ಲ. 50 ಗ್ರಾಂ ಉಳಿಯಿತು ಎಂದಿಟ್ಟುಕೊಳ್ಳಿ. ಅದರ ಕಾಲು ಭಾಗ, ಅಂದರೆ 12.5 ಗ್ರಾಂ, ಪ್ರೋಟೀನು. ಅದರ ಹಿಂದೆಯೇ 5 ಕಿಲೊ ಹುರಿಗಡಲೆ ಹಾಕಿದರೆ ಒಂದೊಂದು ಗ್ರಾಂ ಪುಡಿಗೆ 2.5 ಮಿಲಿಗ್ರಾಂ ಸೇರುತ್ತದೆ. ಇಡ್ಲಿ ಪಕ್ಕಕ್ಕೆ 4 ಗ್ರಾಂನ ಒಂದು ಸಣ್ಣ ಚಮಚ ಹಾಕಿಕೊಂಡರೆ 10 ಮಿಲಿಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು ಎಚ್ಚರಿಕೆ ಸಾಲಿಗೆ ಸೂಚಿಸಿರುವ ಮಿತಿ ಒಂದು ಹೊತ್ತಿಗೆ 2 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನು. ಆ ಮಿತಿಯಲ್ಲೂ ಅಲರ್ಜಿ ಇರುವ ನೂರರಲ್ಲಿ ಐದು ಮಂದಿಗೆ ಪ್ರತಿಕ್ರಿಯೆ ಕಾಣಿಸಬಹುದು. ನಮ್ಮ ಲೆಕ್ಕದ ಚಮಚದಲ್ಲಿ ಅದರ ಐದು ಪಟ್ಟು ಇದೆ. ಮೇಲಾಗಿ ಪುಡಿ ಸಮನಾಗಿ ಬೆರೆಯುವುದಿಲ್ಲ, ಮೊದಲು ಬೀಳುವ ಹಿಟ್ಟಿನಲ್ಲಿ ಇನ್ನೂ ಹೆಚ್ಚಿರುತ್ತದೆ.

ನಡುವೆ ಎರಡು ಕಿಲೊ ಅಕ್ಕಿ ಬೀಸಿ ಚೆಲ್ಲುವ ರೂಢಿ ಮಿಲ್ಲುಗಳಲ್ಲಿದೆ. ಅದರಿಂದ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬ್ಲೋಯರ್ ಹಿಡಿದು ಊದಿದರೆ ಪುಡಿ ಪಕ್ಕದ ಡಬ್ಬಗಳ ಮೇಲೆ ಹೋಗಿ ಕೂರುತ್ತದೆ. ಬಾಣಲೆ, ತಟ್ಟೆಗಳನ್ನು ಬಿಸಿನೀರು ಮತ್ತು ಸೋಪಿನಲ್ಲಿ ಉಜ್ಜಿ ಒಣಗಿಸಬಹುದು, ಮಿಲ್ಲಿನ ಒಡಲಿಗೆ ನೀರು ಹಾಕುವಂತಿಲ್ಲ. ಆದ್ದರಿಂದ ಕಡಲೆಬೀಜಕ್ಕೆ ಬೇರೆ ಮಿಲ್ಲು, ಬೇರೆ ಹುರಿಯುವ ಡ್ರಮ್ಮು, ಬೇರೆ ಜರಡಿ ಇಟ್ಟಿದ್ದೇವೆ. ಹುರಿದರೆ ಅಲರ್ಜಿ ಹೋಗುತ್ತದೆ ಎಂದು ನಂಬಿದವರಿದ್ದಾರೆ, ಹೋಗುವುದಿಲ್ಲ. ಮುಖ್ಯವಾದ ಪ್ರೋಟೀನುಗಳು ಆ ಬಿಸಿಯನ್ನು ತಡೆದುಕೊಳ್ಳುತ್ತವೆ.

ಇನ್ನು ಮೇಲೆ ಹಿಂಬದಿಯಲ್ಲಿ ಎರಡು ಬಗೆಯ ಸಾಲು ಕಾಣುತ್ತದೆ. ‘ಇದೆ: ಕಡಲೆಕಾಯಿ ಬೀಜ’ ಎಂದರೆ ನಾವೇ ಹಾಕಿದ್ದೇವೆ. ‘ಇರಬಹುದು: ಕಡಲೆಕಾಯಿ ಬೀಜ’ ಎಂದರೆ ಹಾಕಿಲ್ಲ, ಆದರೆ ಅದೇ ಕೋಣೆಯಲ್ಲಿ ತಯಾರಾಗಿದೆ. ಅಲರ್ಜಿ ಇರುವವರು ಎರಡನ್ನೂ ಒಂದೇ ಎಂದು ತಿಳಿಯಿರಿ. ಎಳ್ಳುಂಡೆ ಮಿಠಾಯಿ ಕೋಣೆಯಲ್ಲೇ ಆಗುವುದರಿಂದ ಅದರ ಮೇಲೆ ಎರಡನೆಯ ಸಾಲು ಉಳಿಯುತ್ತದೆ, ಅದನ್ನು ಸದ್ಯಕ್ಕೆ ತೆಗೆಯಲಾಗದು. ಗಾಣದ ಕಡಲೆಕಾಯಿ ಎಣ್ಣೆಯ ಸೀಸೆಯ ಮೇಲೂ ‘ಇದೆ’ ಎಂಬ ಸಾಲು ಹಾಕುತ್ತೇವೆ. ಪೂರ್ತಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಹೋಗಿರುತ್ತದೆ, ಗಾಣದ್ದರಲ್ಲಿ ಉಳಿದಿರುತ್ತದೆ.

ಹಳೇ ಲೇಬಲ್ಲಿನ ಚಟ್ನಿಪುಡಿ ಕೆಲವು ಅಂಗಡಿಗಳಲ್ಲಿ ಇನ್ನೂ ಇರಬಹುದು. ಹಿಂಬದಿಯಲ್ಲಿ ಬರೀ ‘ಕಡಲೆ’ ಎಂದಿದ್ದರೆ ಅದು ಹಳೇ ಮಿಲ್ಲಿನದು, ಕಡಲೆಬೀಜ ಒಗ್ಗದವರಿಗೆ ಕೊಡಬೇಡಿ. ಪೊಟ್ಟಣ ಒಡೆದಿದ್ದರೂ ಮಳಿಗೆಗೆ ತನ್ನಿ, ಬದಲಿಗೆ ಹೊಸದನ್ನು ಕೊಡುತ್ತೇವೆ.

ಇಂತಿ,
ಸಂಘದ ತಯಾರಿಕಾ ವಿಭಾಗ, ಮಂಡ್ಯ