ಅಗಸೆ ಚಟ್ನಿಪುಡಿ ಇನ್ನು ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಂಘದ ಕೆಲವು ಪ್ಯಾಕೆಟ್‌ಗಳು ಅಂಗಡಿಗೆ ಬರುವುದಿಲ್ಲ. ಎಲ್ಲ ಪುಡಿಗಳ 200 ಗ್ರಾಂ ಪ್ಯಾಕೆಟ್ ನಿಲ್ಲುತ್ತದೆ, 250 ಗ್ರಾಂ ಇರುತ್ತದೆ. ಇದಕ್ಕೆ ಯಾರೂ ಹೆಚ್ಚು ಬೇಜಾರು ಮಾಡಿಕೊಂಡಿಲ್ಲ. ಅಗಸೆ-ಬೆಳ್ಳುಳ್ಳಿ ಚಟ್ನಿಪುಡಿಯ ವಿಷಯ ಹಾಗಲ್ಲ. ಸುದ್ದಿ ಹೊರಬಿದ್ದಾಗಿನಿಂದ ಫೋನ್ ನಿಂತಿಲ್ಲ. ನಿಮಗೆ ಬೇಸರ ಆಗಿದ್ದಕ್ಕೆ ಕ್ಷಮೆ ಇರಲಿ.

ಬಹಳ ಜನ ಕೇಳುತ್ತಿರುವುದು ಒಂದೇ ಮಾತು. "ಸ್ವಲ್ಪ ಮಾರಾಟ ಆದರೂ ಸ್ವಲ್ಪ ಲಾಭ ಇರುತ್ತದಲ್ವಾ? ಅದು ಇದ್ದರೆ ನಿಮಗೇನು ಭಾರ? ದೊಡ್ಡವರಾದ ಮೇಲೆ ನಮ್ಮನ್ನು ಮರೆತಿರಿ." ಕೊನೆಯ ಮಾತು ನಮಗೆ ನೋವು ತಂದಿದೆ. ಅದಕ್ಕೇ ಲೆಕ್ಕ ನಿಮ್ಮ ಮುಂದೆ ಇಡುತ್ತಿದ್ದೇವೆ.

ಒಂದು ಸಲ 20 ಕಿಲೋ ಅಗಸೆ ಚಟ್ನಿ ಮಾಡಿದರೆ 100 ಗ್ರಾಂನ 200 ಪ್ಯಾಕೆಟ್ ಆಗುತ್ತವೆ. ಅಂಗಡಿಗೆ ಕೊಡುವ ಬೆಲೆ 60 ರೂಪಾಯಿ. ಸಾಮಾನು, ಹುರಿಯುವುದು, ಕವರ್ ಎಲ್ಲ ಸೇರಿ 38. ಕಿಲೋ ಲೆಕ್ಕದಲ್ಲಿ ಹಂಚಿದ ಕೂಲಿ 6. ಪ್ಯಾಕೆಟ್ಟಿಗೆ 16 ರೂಪಾಯಿಯಂತೆ 3,200 ಉಳಿಯಿತು ಅಂತ ಪುಸ್ತಕ ಹೇಳುತ್ತದೆ. ಕಾಗದದ ಮೇಲೆ ಇದು ನಮ್ಮ ಒಳ್ಳೆಯ ಮಾಲುಗಳಲ್ಲಿ ಒಂದು.

ಈಗ ಗಿರಣಿಯ ಹತ್ತಿರ ಬನ್ನಿ. ಅಗಸೆಯಲ್ಲಿ ಎಣ್ಣೆ ಜಾಸ್ತಿ. ಪುಡಿ ಆಗುವಾಗ ಬಿಸಿಗೆ ಆ ಎಣ್ಣೆ ಹೊರಬಂದು ಜರಡಿಯ ತೂತುಗಳಲ್ಲಿ ಅಂಟಿನ ಹಾಗೆ ಕೂರುತ್ತದೆ. ಜೊತೆಗೆ ಬೆಳ್ಳುಳ್ಳಿ ವಾಸನೆ. ಅದರ ಮೇಲೆ ಮೆಂತ್ಯದ ಹಿಟ್ಟು ಬೀಸುವ ಹಾಗಿಲ್ಲ, ಬೆಳ್ಳುಳ್ಳಿ ಮುಟ್ಟದ ಮನೆಗಳಿಗೂ ಅದು ಹೋಗುತ್ತದೆ. ಹಾಗಾಗಿ ಜರಡಿ ಬಿಚ್ಚಿ, ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎರಡು ಕಿಲೋ ಅಕ್ಕಿ ಬೀಸಿ ಆ ಹಿಟ್ಟು ಚೆಲ್ಲಬೇಕು. ಇಬ್ಬರಿಗೆ ಅರ್ಧ ದಿನದ ಕೆಲಸ. ಕೂಲಿ, ಅಕ್ಕಿ ಸೇರಿ 600 ರೂಪಾಯಿ. 20 ಕಿಲೋ ಬೀಸಿದರೂ 200 ಕಿಲೋ ಬೀಸಿದರೂ ತೊಳೆಯುವುದು ಅಷ್ಟೇ. ಈ ಖರ್ಚನ್ನು ಇಷ್ಟು ದಿನ ಎಲ್ಲ ಪುಡಿಗಳ ಮೇಲೂ ಕಿಲೋ ಲೆಕ್ಕದಲ್ಲಿ ಹಂಚುತ್ತಿದ್ದೆವು. ಅಂದರೆ ಅಗಸೆಯ ಖರ್ಚನ್ನು ಸಾಂಬಾರ್ ಪುಡಿ ಕೊಳ್ಳುವವರು ಕೊಡುತ್ತಿದ್ದರು.

ಇನ್ನೊಂದು ವಾಪಸ್ ಮಾಲು. ಬೀಸಿದ ಅಗಸೆ ಬೇಗ ಕಮಟು ಹಿಡಿಯುತ್ತದೆ, ಮೂರು ತಿಂಗಳಿಗಿಂತ ಹೆಚ್ಚು ಅವಧಿ ನಾವು ಬರೆಯುವುದಿಲ್ಲ. ನಿಧಾನ ಮಾರಾಟದ ಮಾಲು ಅಂಗಡಿಯ ಹಿಂದಿನ ಸಾಲಿಗೆ ಸರಿಯುತ್ತದೆ. 200ರಲ್ಲಿ ಸುಮಾರು 35 ಪ್ಯಾಕೆಟ್ ತಾರೀಖು ಮುಗಿದು ವಾಪಸ್ ಬರುತ್ತವೆ. ಅಂಗಡಿಯವರಿಗೆ ಪೂರ್ತಿ ದುಡ್ಡು ನಾವೇ ಕೊಡಬೇಕು, 2,100 ರೂಪಾಯಿ. ಪುಸ್ತಕದ 3,200ರಲ್ಲಿ ಈಗ ಉಳಿದದ್ದು 500. ಹಬ್ಬದ ಮುಂಚೆ ಗಿರಣಿಗೆ ಬಿಡುವೇ ಇರುವುದಿಲ್ಲ. ಆಗ ಆ ಅರ್ಧ ದಿನದಲ್ಲಿ 40 ಕಿಲೋ ಸಾಂಬಾರ್ ಪುಡಿ ಬೀಸಿದ್ದರೆ 1,600 ಉಳಿಯುತ್ತಿತ್ತು. ಸಾಂಬಾರ್ ಪುಡಿ ಸಿಗಲಿಲ್ಲ ಅಂತ ನೀವೇ ಬೈದಿದ್ದೀರಿ. ಬಿಡುವಿನ ದಿನಗಳಿಗೆ ಮಾತ್ರ ಈ 1,600ರ ಲೆಕ್ಕ ಹಾಕಿಲ್ಲ. ಸುಮ್ನೆ ನಿಂತ ಗಿರಣಿಯಿಂದ ನಷ್ಟ ಆಯಿತು ಅಂತ ಹೇಳುವುದು ನ್ಯಾಯವಲ್ಲ.

"ಪ್ರಿಂಟ್ ಕವರಿನ ಖರ್ಚು ಬಿಡಿ, ಸಾದಾ ಪಾರದರ್ಶಕ ಕವರಿಗೆ ಚೀಟಿ ಅಂಟಿಸಿ" ಅಂತಲೂ ಕೆಲವರು ಹೇಳಿದರು. ಆದರೆ ಬೆಳಕು ಬಿದ್ದರೆ ಅಗಸೆ ಇನ್ನೂ ಬೇಗ ಕೆಡುತ್ತದೆ. ಕಮಟು ಚಟ್ನಿ ನಮ್ಮ ಹೆಸರಲ್ಲಿ ಹೋಗುವುದು ನಮಗೆ ಬೇಡ.

ಮಾರಾಟ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ನಾವು ಯಾವುದನ್ನೂ ತೆಗೆದಿಲ್ಲ. ಮೆಂತ್ಯದ ಹಿಟ್ಟು ಅಗಸೆಗಿಂತ ಕಡಿಮೆ ಹೋಗುತ್ತದೆ, ಆದರೂ ಉಳಿಸಿದ್ದೇವೆ. ಬಿಲ್ಲುಗಳನ್ನು ತೆಗೆದು ನೋಡಿದರೆ, ಅದನ್ನು ಕೊಳ್ಳುವವರು ಅದೇ ಬಿಲ್ಲಿನಲ್ಲಿ ಸಾರಿನ ಪುಡಿ, ಸಾಂಬಾರ್ ಪುಡಿಯನ್ನೂ ಕೊಂಡಿರುತ್ತಾರೆ. ಅದು ಸಿಗದಿದ್ದರೆ ಅವರು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಅದಕ್ಕೆ ಬೇರೆ ಸಾಮಾನು ತರಿಸಬೇಕಿಲ್ಲ. ಬೆಳಗ್ಗೆ ಮೊದಲು ಬೀಸಿದರೆ ವಿಶೇಷವಾಗಿ ತೊಳೆಯುವುದೂ ಇಲ್ಲ. 200 ಗ್ರಾಂ ಕೊಳ್ಳುತ್ತಿದ್ದವರು 250ಕ್ಕೆ ಬರುತ್ತಾರೆ ಅನ್ನುವ ಧೈರ್ಯ ನಮಗಿದೆ. ಅಗಸೆ ಪ್ರಿಯರು ಶೇಂಗಾ ಚಟ್ನಿಗೆ ಬರುವುದಿಲ್ಲ ಅಂತಲೂ ನಮಗೆ ಗೊತ್ತು.

ಅದಕ್ಕಾಗಿ ಅಗಸೆ ಚಟ್ನಿಯನ್ನು ಪೂರ್ತಿ ಬಿಡುತ್ತಿಲ್ಲ. ಶನಿವಾರ ಸಂಜೆ ಗಿರಣಿಯನ್ನು ಹೇಗೂ ಬಿಚ್ಚಿ ತೊಳೆಯುತ್ತೇವೆ. ತಿಂಗಳ ಕೊನೆಯ ಶನಿವಾರ, ಎಲ್ಲ ಬೀಸಿದ ಮೇಲೆ, ಮೊದಲೇ ಹೇಳಿದವರಿಗೆ ಮಾತ್ರ ಅಗಸೆ ಬೀಸುತ್ತೇವೆ. ಹತ್ತು ಕಿಲೋ ಆರ್ಡರ್ ಸೇರಿದರೆ ಸಾಕು, ಸೇರದಿದ್ದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ಅಂಗಡಿಗೆ ಹೋಗದ ಮಾಲು ವಾಪಸ್ ಬರುವ ಪ್ರಶ್ನೆ ಇಲ್ಲ, ಹಾಗಾಗಿ ಬೆಲೆ ಏರಿಸುವುದಿಲ್ಲ. ಹುರಿಯುವವರು ಅದೇ ಕೈಗಳು, ಹದವೂ ಅದೇ. ತಿಂಗಳ 20ನೇ ತಾರೀಖಿನೊಳಗೆ ನಮ್ಮ ಕೌಂಟರಿನಲ್ಲಿ ಹೆಸರು ಬರೆಸಿ, ಅಥವಾ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಖಾರ ಕಮ್ಮಿ ಬೇಕಾದವರು ಆಗಲೇ ಹೇಳಿ, ಬೇರೆಯಾಗಿ ಕಲಸಿ ಇಡುತ್ತೇವೆ.

ನಿಮ್ಮ,
ಸಂಘದ ಕಾರ್ಯದರ್ಶಿ ಮತ್ತು ಗಿರಣಿಯ ಎಲ್ಲ ಅಕ್ಕಂದಿರು