ಮಗಳಿಗೊಂದು ಪತ್ರ: ಏಳು ನಿಮಿಷದ ಭಾಷಣಕ್ಕೆ ಕೈಯಲ್ಲಿ ಏನಿರಬೇಕು?

ಪ್ರೀತಿಯ ಸಿಂಧು,

ನಿಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಭಾಷಣವನ್ನು ಪೂರ್ತಿ ಬರೆದುಕೊಂಡು ಓದಲೋ, ಚೀಟಿ ಹಿಡಿಯಲೋ, ಒಂದೇ ಹಾಳೆಯಲ್ಲಿ ಮುಖ್ಯಾಂಶ ಗುರುತು ಹಾಕಿಕೊಳ್ಳಲೋ ಅಂತ ಕೇಳಿದ್ದೀಯ. ಮೊದಲು ಜಾಗ ನೋಡು. ಬಯಲಿನಲ್ಲಿ ಹಾಕಿದ ವೇದಿಕೆ, ಪೋಡಿಯಂ ಇಲ್ಲ, ಕೈಮೈಕು, ಸಂಜೆಯ ಬೆಳಕು. ಮುಂದಿನ ಸಾಲಿನಲ್ಲಿ ಮಕ್ಕಳು, ಹಿಂದೆ ಕುಳಿತವರಲ್ಲಿ ಅರ್ಧದಷ್ಟು ಜನರಿಗೆ ಕನ್ನಡ ಮನೆಮಾತಲ್ಲ. ಅರ್ಧ ತೀರ್ಮಾನ ಇಷ್ಟರಲ್ಲೇ ಆಗಿಹೋಯಿತು.

ಪೂರ್ತಿ ಬರಹ ಇಲ್ಲಿ ಬೇಡ. ಒಂದು ಕೈಯಲ್ಲಿ ಮೈಕು ಇರುವಾಗ ಎ4 ಹಾಳೆಗಳನ್ನು ಇನ್ನೊಂದೇ ಕೈಯಲ್ಲಿ ಹಿಡಿದು ತಿರುವಬೇಕಾಗುತ್ತದೆ. ಗಾಳಿ ಬಂದರಂತೂ ಆಯಿತು; ಗಾಳಿ ಇಲ್ಲದಿದ್ದರೂ ತೆಳು ಹಾಳೆ ಕೈನಡುಕವನ್ನು ಎಲ್ಲರಿಗೂ ತೋರಿಸುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ನಮ್ಮ ವಾಕ್ಯದಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಉದ್ದ ವಾಕ್ಯದ ನಡುವೆ ತಲೆ ಎತ್ತಿ ಜನರನ್ನು ನೋಡಿ, ಮತ್ತೆ ಕಣ್ಣಿಳಿಸಿದಾಗ ಸಾಲು ತಪ್ಪಿದರೆ, ಶುರು ಮಾಡಿದ ವಾಕ್ಯವನ್ನು ಮುಗಿಸುವುದು ಹೇಗೆಂದೇ ತೋಚುವುದಿಲ್ಲ. ಆ ಹೆದರಿಕೆಗೆ ಓದುವವರು ತಲೆ ಎತ್ತುವುದನ್ನೇ ಬಿಡುತ್ತಾರೆ. ಮುಂದಿನ ಸಾಲಿನ ಮಕ್ಕಳು ಅಲ್ಲಿಗೆ ಮಾತು ಶುರು ಮಾಡುತ್ತಾರೆ.

ಒಂದು ಪದ ತಪ್ಪಿದರೂ ತೊಂದರೆಯಾಗುವ ಕಡೆ, ಅಂದರೆ ಸಂಸ್ಥೆಯ ಪರವಾದ ಹೇಳಿಕೆಗೋ ಪತ್ರಿಕೆಗೆ ಕೊಡುವ ಭಾಷಣಕ್ಕೋ, ಪೂರ್ತಿ ಬರಹವೇ ಸರಿ. ಅಂಥ ದಿನ ಬಂದಾಗ ಪೋಡಿಯಂ ಕೇಳಿ ಪಡೆದುಕೋ. ಅಕ್ಷರ 18ರ ಗಾತ್ರದಲ್ಲಿರಲಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಕಣ್ಣು ಎಡವುತ್ತದೆ. ಒಂದೇ ಮಗ್ಗುಲಿಗೆ ಮುದ್ರಿಸು, ಪುಟದ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡು, ಪಿನ್ ಹೊಡೆಯಬೇಡ.

ಹಾಗಾದರೆ ಬರೀ ಮುಖ್ಯಾಂಶದ ಹಾಳೆ? ಕನ್ನಡ ಬಾರದವರ ಮುಖ ನೋಡಿ ಮಾತು ಸರಳ ಮಾಡಲು, ನಡುವೆ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಲು ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಆದರೆ ನಿನ್ನ ಭಾಷಣದಲ್ಲಿ ಇಸವಿಗಳಿವೆ, ಅತಿಥಿಗಳ ಹೆಸರುಗಳಿವೆ. ‘ಏಕೀಕರಣ’ ಅಂತ ಒಂದೇ ಪದ ಬರೆದುಕೊಂಡರೆ ವೇದಿಕೆ ಮೇಲೆ 1956 ಮತ್ತು 1973 ಅದಲುಬದಲಾಗುತ್ತವೆ. ರಾಜ್ಯೋತ್ಸವ ಭಾಷಣಗಳಲ್ಲಿ ಇದು ಆಗಾಗ ಕೇಳಿಸುವ ತಪ್ಪು.

ಅದಕ್ಕೇ ನಿನಗೆ ಚೀಟಿ. ಐದು ಇಂಚು ಉದ್ದ, ಮೂರು ಇಂಚು ಅಗಲದ ದಪ್ಪ ರಟ್ಟು, ಐದು ಸಾಕು. ಮದುವೆ ಕರೆಯೋಲೆಯ ಖಾಲಿ ಹಿಂಬದಿ ಕತ್ತರಿಸಿಕೊಂಡರೂ ನಡೆಯುತ್ತದೆ, ಹೊಳಪಿನ ಕಾಗದ ಮಾತ್ರ ಬೇಡ, ದೀಪದ ಬೆಳಕಿಗೆ ಮಿಂಚುತ್ತದೆ.

ಮೊದಲನೆಯದರಲ್ಲಿ ವೇದಿಕೆ ಮೇಲಿರುವವರ ಹೆಸರು, ಹುದ್ದೆ, ಕರೆಯಬೇಕಾದ ಕ್ರಮದಲ್ಲಿ ಪೂರ್ತಿ ಇರಲಿ. ಕೊನೆಯ ಗಳಿಗೆಯಲ್ಲಿ ಅತಿಥಿ ಬದಲಾದರೆ ಆ ಒಂದು ಚೀಟಿ ಬದಲಿಸಿದರಾಯಿತು. ಎರಡನೆಯದಕ್ಕೆ ಮುಖ್ಯಾಂಶ ಸಾಕು: ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹೀಗೆ ಕನ್ನಡಿಗರು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಸಂಗತಿ. ಮೂರನೆಯದರಲ್ಲಿ ಎರಡೇ ವಾಕ್ಯ, ಒಂದಕ್ಷರ ಬಿಡದೆ: ‘1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಅದಕ್ಕೆ ಕರ್ನಾಟಕ ಎಂಬ ಹೆಸರಾಯಿತು.’ ಇಷ್ಟನ್ನು ಓದಿಯೇ ಹೇಳು, ಇಸವಿಯನ್ನು ನೋಡಿ ಹೇಳಿದರೆ ಯಾರೂ ಕಡಿಮೆ ಅಂದುಕೊಳ್ಳುವುದಿಲ್ಲ. ನಾಲ್ಕನೆಯದು ನಿಮ್ಮ ಕಟ್ಟಡದ ಮಾತು, ಕನ್ನಡ ಕಲಿಯುವವರಿಗೆ ನೆರೆಯವರು ಏನು ಮಾಡಬಹುದು ಅನ್ನುವುದು. ಇಲ್ಲಿ ಮೂರು ಅರ್ಧ ವಾಕ್ಯ ಮಾತ್ರ. ಒಂಟಿ ಪದಕ್ಕಿಂತ ‘ಲಿಫ್ಟಿನಲ್ಲಿ ಕನ್ನಡದಲ್ಲೇ ಮಾತಾಡಿಸಿ’ ಅನ್ನುವಂತೆ ಕ್ರಿಯಾಪದ ಇರುವ ತುಣುಕು ಬರೆದುಕೊಂಡರೆ ಮಾತು ತಾನಾಗಿ ಬರುತ್ತದೆ. ಮುಕ್ತಾಯದ ವಾಕ್ಯ ಐದನೆಯದರಲ್ಲಿ ಪೂರ್ತಿ ಇರಲಿ. ಅದಿಲ್ಲದವರು ‘ಇನ್ನೊಂದು ಮಾತು’ ಅನ್ನುತ್ತಾ ಮೂರು ನಿಮಿಷ ಹೆಚ್ಚು ನಿಲ್ಲುತ್ತಾರೆ.

ಚೀಟಿಗೆ ಆರು ಸಾಲು ಮೀರಬಾರದು. ಮೀರಿತೋ, ಅದು ಚಿಕ್ಕ ಅಕ್ಷರದ ಪೂರ್ತಿ ಬರಹವೇ ಆಯಿತು. ಮೇಲಿನ ಬಲ ಮೂಲೆಯಲ್ಲಿ ಅಂಕಿ ಹಾಕಿ, ಎಡ ಮೂಲೆಯಲ್ಲಿ ತೂತು ಮಾಡಿ ಸಡಿಲವಾಗಿ ದಾರ ಪೋಣಿಸು. ಕೆಳಗೆ ಬಿದ್ದರೂ ಕ್ರಮ ತಪ್ಪುವುದಿಲ್ಲ. ಫೋನಿನಲ್ಲಿ ಬರೆದಿಟ್ಟುಕೊಳ್ಳುವ ಯೋಚನೆ ಬಿಡು, ಪರದೆ ಆರುತ್ತದೆ, ಕರೆ ಬರುತ್ತದೆ.

ಹಿಂದಿನ ದಿನ ನಿಂತುಕೊಂಡು, ಬಲಗೈಯಲ್ಲಿ ಮೈಕಿನ ಬದಲು ಸೌಟು ಹಿಡಿದು, ಗಡಿಯಾರ ಇಟ್ಟು ಒಮ್ಮೆ ಪೂರ್ತಿ ಹೇಳಿ ನೋಡು. ಯಾವ ಚೀಟಿಯ ಹತ್ತಿರ ಎರಡು ಸಲ ತಡವರಿಸುತ್ತೀಯೋ ಅದರಲ್ಲಿ ತುಣುಕು ಸಾಲದು, ಪೂರ್ತಿ ವಾಕ್ಯ ಬರೆ. ನೋಡದೆಯೇ ದಾಟಿದ ಚೀಟಿಯಲ್ಲಿ ಒಂದೆರಡು ಸಾಲು ಅಳಿಸು. ಏಳು ನಿಮಿಷ ಮೀರಿದರೆ ಎರಡನೆಯದನ್ನು ಚಿಕ್ಕದು ಮಾಡು, ನಾಲ್ಕನೆಯದನ್ನು ಮುಟ್ಟಬೇಡ.

ನಿನ್ನ
ಅಮ್ಮ